ಪದೇ ಪದೇ ತಡವಾಗಿ ಬರುವ ನೌಕರರಿಗೆ ಲಿಖಿತ ಎಚ್ಚರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಮತ್ತು ಮಧ್ಯಮ ಕಾರ್ಖಾನೆ, ಅಂಗಡಿ, ಕಚೇರಿಗಳ ಮಾಲೀಕರು, ಮೇಲ್ವಿಚಾರಕರು ಮತ್ತು ಸಿಬ್ಬಂದಿ ವಿಭಾಗದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲ ಉತ್ತರಗಳಿಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಬೆಂಗಳೂರಿನ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದ ಸಹಾಯಕ, ಜನರಲ್ ಶಿಫ್ಟ್, ಬೆಳಿಗ್ಗೆ 8:30ಕ್ಕೆ ಕೆಲಸ ಶುರು, ಹತ್ತು ನಿಮಿಷ ಗ್ರೇಸ್. ತಿಂಗಳು 2026ರ ಫೆಬ್ರವರಿ. ಪ್ರಸಂಗ ಕಲ್ಪಿತ, ಆದರೆ ಇಂಥದ್ದು ಎಲ್ಲ ಕಡೆಯೂ ನಡೆಯುತ್ತದೆ.

## ಪತ್ರಕ್ಕೆ ಕೈ ಹಾಕುವ ಮೊದಲು

ಎಷ್ಟು ಸಲ ತಡವಾದರೆ ಪತ್ರ ಕೊಡಬಹುದು? ಮೂರು ಸಲವಾ, ಐದು ಸಲವಾ?

ಕಾನೂನಿನಲ್ಲಿ ಇಂತಿಷ್ಟೇ ಸಲ ಎಂಬ ಲೆಕ್ಕವಿಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕೇಂದ್ರ ಸರ್ಕಾರ ಮಾಡಿದ ಮಾದರಿ ಆದೇಶಗಳಲ್ಲಿ ‘ರೂಢಿಯಾಗಿ ತಡವಾಗಿ ಹಾಜರಾಗುವುದು’ ದುರ್ನಡತೆಯ ಪಟ್ಟಿಯಲ್ಲಿತ್ತು. ರೂಢಿ ಎಂದರೆ ಎಷ್ಟು ಸಲ ಎಂದು ಅಲ್ಲಿ ಹೇಳಿರಲಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ನಿಮ್ಮದೇ ಸಂಸ್ಥೆಯ ಸ್ಥಾಯಿ ಆದೇಶ ಅಥವಾ ಸೇವಾ ನಿಯಮ. ಅಲ್ಲಿ ಸಂಖ್ಯೆ ಇದ್ದರೆ ಅದನ್ನೇ ಹಿಡಿಯಬೇಕು. ಇಲ್ಲದಿದ್ದರೆ, ಒಂದು ತಿಂಗಳಲ್ಲಿ ಗ್ರೇಸ್ ಮೀರಿ ಮೂರು ಸಲವಾದಾಗ ಕರೆದು ಮಾತನಾಡುವುದು, ಮಾತಾದ ಮೇಲೂ ಮುಂದುವರಿದರೆ ಪತ್ರಕ್ಕೆ ಹೋಗುವುದು ನಮ್ಮ ದೃಷ್ಟಿಯಲ್ಲಿ ಸರಿಯಾದ ಹದ. ಯಾವ ಅಳತೆಯಾದರೂ ಇರಲಿ, ಅದೇ ಅಳತೆ ಎಲ್ಲರಿಗೂ ಇರಬೇಕು. ಒಬ್ಬರಿಗೆ ಮೂರನೇ ಸಲಕ್ಕೇ ಪತ್ರ ಕೊಟ್ಟು ಇನ್ನೊಬ್ಬರ ಹತ್ತು ಸಲವನ್ನು ನೋಡಿಯೂ ನೋಡದಂತೆ ಇದ್ದರೆ, ಮುಂದೆ ಪತ್ರ ಬಿದ್ದುಹೋಗುವುದು ಆ ಕಾರಣಕ್ಕೇ.

ಮೊದಲು ಬಾಯಿಮಾತಿನಲ್ಲಿ ಹೇಳಲೇಬೇಕಾ? ನೇರವಾಗಿ ಪತ್ರ ಕೊಟ್ಟರೆ ತಪ್ಪಾ?

ನಿಮ್ಮ ನಿಯಮದಲ್ಲಿ ಬಾಯಿಮಾತಿನ ಎಚ್ಚರಿಕೆ ಮೊದಲ ಹಂತ ಎಂದಿದ್ದರೆ ಅದನ್ನು ದಾಟುವಂತಿಲ್ಲ. ನಿಯಮ ಏನೂ ಹೇಳದಿದ್ದರೂ ಮೊದಲು ಮಾತನಾಡಬೇಕು, ಏಕೆಂದರೆ ಕಾರಣ ಹೊರಬರುವುದು ಆಗಲೇ. ಮಗುವಿನ ಶಾಲೆಯ ಹೊತ್ತು ಬದಲಾಗಿರಬಹುದು, ಮನೆಯಲ್ಲಿ ಕಾಯಿಲೆಯವರು ಇರಬಹುದು, ಬಸ್ಸಿನ ಮಾರ್ಗ ನಿಂತಿರಬಹುದು. ಕೆಲವಕ್ಕೆ ಪತ್ರವೇ ಬೇಕಾಗುವುದಿಲ್ಲ, ಶಿಫ್ಟ್ ಬದಲಾಯಿಸಿದರೆ ಸಾಕು.

ಮಾತಾದ ಮೇಲೆ ಅದೇ ದಿನ ಎರಡು ಸಾಲು ಬರೆದಿಡಿ: ಯಾವ ದಿನ, ಯಾರು ಯಾರು ಇದ್ದರು, ನೌಕರ ಏನು ಹೇಳಿದರು, ಏನು ಒಪ್ಪಿಕೊಂಡರು. ನಮ್ಮ ಉದಾಹರಣೆಯಲ್ಲಿ ಫೆಬ್ರವರಿ 3, 9 ಮತ್ತು 11ರಂದು ತಡವಾಯಿತು. 13ರ ಶುಕ್ರವಾರ ಮೇಲ್ವಿಚಾರಕರು ಕರೆದು ಮಾತನಾಡಿದರು. ನಂತರವೂ 16, 23 ಮತ್ತು 26ರಂದು ತಡವಾಯಿತು. ಪತ್ರಕ್ಕೆ ಬಲ ಬರುವುದು ಮಾತಿನ ನಂತರದ ಈ ಮೂರು ದಿನಗಳಿಂದ. ಹೇಳಿದ್ದು ಗೊತ್ತಿದ್ದೂ ಬದಲಾಗಲಿಲ್ಲ ಎಂಬುದು ಅವುಗಳಿಂದ ಕಾಣುತ್ತದೆ.

ಬಯೋಮೆಟ್ರಿಕ್ ಪಟ್ಟಿಯಲ್ಲಿ ಇರುವುದನ್ನೆಲ್ಲ ಹಾಗೇ ಪತ್ರಕ್ಕೆ ಇಳಿಸಿದರೆ ಸಾಲದಾ?

ಸಾಲದು. ಅತಿ ಹೆಚ್ಚು ಪತ್ರಗಳು ಕೆಡುವುದು ಇಲ್ಲೇ. ಯಂತ್ರ ಹೇಳುವುದು ಬೆರಳು ಒತ್ತಿದ ಸಮಯವನ್ನು ಮಾತ್ರ. ಗೇಟಿನೊಳಗೆ ಬಂದ ಸಮಯವಾಗಲಿ, ಯಾಕೆ ತಡವಾಯಿತು ಎಂಬುದಾಗಲಿ ಅದಕ್ಕೆ ಗೊತ್ತಿಲ್ಲ. ಪ್ರತಿ ದಿನಾಂಕವನ್ನೂ ನಾಲ್ಕು ಕಡೆ ತಾಳೆ ನೋಡಿ.

ಒಂದು, ಯಂತ್ರದ ಗಡಿಯಾರ. ನೆಟ್‌ವರ್ಕಿಗೆ ಸೇರಿಸದ ಯಂತ್ರಗಳು ತಿಂಗಳುಗಟ್ಟಲೆ ಕಳೆದಾಗ ಕೆಲವು ನಿಮಿಷ ಮುಂದೆ ಹಿಂದೆ ಓಡುವುದುಂಟು, ಕರೆಂಟ್ ಹೋಗಿ ಬ್ಯಾಟರಿ ಸತ್ತರೆ ಇನ್ನೂ ಹೆಚ್ಚು. ಎರಡು, ಗೇಟಿನ ಸೆಕ್ಯುರಿಟಿ ರಿಜಿಸ್ಟರ್. ಅಲ್ಲಿ 8:28 ಇದ್ದು ಯಂತ್ರದಲ್ಲಿ 8:43 ಇದ್ದರೆ ಯಂತ್ರದ ಮುಂದೆ ಸಾಲು ನಿಂತಿತ್ತೋ ಏನೋ ವಿಚಾರಿಸಬೇಕು. ಮೂರು, ರಜೆ ಮತ್ತು ಅನುಮತಿ ಚೀಟಿ. ಮೇಲ್ವಿಚಾರಕರು ಫೋನಿನಲ್ಲಿ ‘ಆಯಿತು, ಒಂಬತ್ತಕ್ಕೆ ಬನ್ನಿ’ ಎಂದು ಹೇಳಿ ಮರೆತಿರುವುದು ಅಪರೂಪವಲ್ಲ. ನಾಲ್ಕು, ಆ ದಿನ ಉಳಿದವರು ಎಷ್ಟು ಹೊತ್ತಿಗೆ ಬಂದರು.

ಉದಾಹರಣೆಯ ಪಟ್ಟಿಯಲ್ಲಿ ಮೊದಲು ಏಳು ದಿನಗಳಿದ್ದವು. 19ರಂದು ಕಂಪನಿಯ ವಾಹನವೇ ತಡವಾಗಿ ಬಂದಿತ್ತು, ಆ ವಾಹನದ ಎಲ್ಲರ ಸಮಯವೂ 8:50ರ ಆಸುಪಾಸಿನಲ್ಲಿತ್ತು. ಆ ದಿನವನ್ನು ತೆಗೆದುಹಾಕಲಾಯಿತು. 16ನೇ ತಾರೀಖು ಶಿವರಾತ್ರಿಯ ಮರುದಿನದ ಸೋಮವಾರ. ಜಾಗರಣೆ ಮಾಡಿದವರು ಅನೇಕರಿದ್ದರೂ ಅದೇ ಶಿಫ್ಟಿನ ಉಳಿದವರು ಹೊತ್ತಿಗೆ ಸರಿಯಾಗಿ ಬಂದಿದ್ದರು, ಇವರು ಮೊದಲೇ ಅನುಮತಿ ಕೇಳಿರಲಿಲ್ಲ. ಆದ್ದರಿಂದ ಅದು ಉಳಿಯಿತು. ವಿಭಾಗದ ಅರ್ಧ ಜನ ತಡವಾಗಿ ಬಂದಿದ್ದರೆ ಅದನ್ನೂ ಬಿಡಬೇಕಿತ್ತು. ಅನುಮಾನವಿರುವ ಏಳನೇ ದಿನವನ್ನು ಸೇರಿಸುವುದಕ್ಕಿಂತ ಗಟ್ಟಿಯಾದ ಆರು ದಿನ ಇರುವುದು ಮೇಲು. ಒಂದು ದಿನಾಂಕ ಸುಳ್ಳಾದರೆ ಓದುವವರಿಗೆ ಉಳಿದವುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಈಗ ಒಮ್ಮೆಲೇ ಬಿಗಿ ಮಾಡಬಹುದಾ?

ಬಿಗಿ ಮಾಡಬಹುದು, ಆದರೆ ಹಿಂದಿನದಕ್ಕೆ ಪತ್ರ ಕೊಡಬೇಡಿ. ಎಲ್ಲರಿಗೂ ಅನ್ವಯಿಸುವ ಒಂದು ಸುತ್ತೋಲೆಯನ್ನು ನೋಟಿಸ್ ಬೋರ್ಡಿಗೆ ಹಾಕಿ, ಇಂಥ ದಿನದಿಂದ ಹಾಜರಿ ಸಮಯವನ್ನು ಕಟ್ಟುನಿಟ್ಟಾಗಿ ನೋಡಲಾಗುತ್ತದೆ ಎಂದು ತಿಳಿಸಿ. ಲೆಕ್ಕ ಆ ದಿನದಿಂದ ಶುರುವಾಗಲಿ. ವರ್ಷಗಟ್ಟಲೆ ಸುಮ್ಮನಿದ್ದು ಒಂದು ಬೆಳಿಗ್ಗೆ ಒಬ್ಬರ ಕೈಗೆ ಮಾತ್ರ ಪತ್ರ ಕೊಟ್ಟರೆ, ಅವರ ಮೇಲೆ ಬೇರೆ ಯಾವುದೋ ಸಿಟ್ಟಿದೆ ಎಂದೇ ಎಲ್ಲರಿಗೂ ಅನಿಸುತ್ತದೆ.

## ಪತ್ರ ಬರೆಯುವಾಗ

ಪತ್ರದಲ್ಲಿ ಏನೇನು ಇರಲೇಬೇಕು? ಒಂದು ನಮೂನೆ ಕೊಡಿ.

ಒಂದು ವರ್ಷ ಕಳೆದ ಮೇಲೆ, ಆ ನೌಕರನನ್ನೂ ನಿಮ್ಮನ್ನೂ ನೋಡಿರದವರು ಓದಿದರೂ ಎಲ್ಲ ಗೊತ್ತಾಗುವಂತಿರಬೇಕು. ಯಾವ ನಿಯಮ, ಯಾವ ದಿನ, ಎಷ್ಟು ನಿಮಿಷ, ಮೊದಲು ಏನು ಹೇಳಲಾಗಿತ್ತು, ನೌಕರ ಏನು ಹೇಳಿದರು, ಮುಂದೆ ಏನಾಗಬೇಕು, ಯಾವಾಗ ಪರಿಶೀಲನೆ, ತಿದ್ದಿಕೊಳ್ಳದಿದ್ದರೆ ಏನು. ಇದಿಷ್ಟೂ ಒಂದು ಪುಟದಲ್ಲಿ ಹಿಡಿಸುತ್ತದೆ.

> ದಿನಾಂಕ: 02-03-2026
>
> ಗೆ,
> ಶ್ರೀ __________, ನೌಕರ ಸಂಖ್ಯೆ ____, ಪ್ಯಾಕಿಂಗ್ ವಿಭಾಗ
>
> ವಿಷಯ: ಕೆಲಸಕ್ಕೆ ತಡವಾಗಿ ಹಾಜರಾಗುತ್ತಿರುವ ಬಗ್ಗೆ ಲಿಖಿತ ಎಚ್ಚರಿಕೆ
> ಉಲ್ಲೇಖ: 1. ಸ್ಥಾಯಿ ಆದೇಶ ಸಂಖ್ಯೆ ____ 2. ದಿನಾಂಕ 27-02-2026ರ ಕಾರಣ ಕೇಳಿದ ಮೆಮೊ 3. ದಿನಾಂಕ 28-02-2026ರ ನಿಮ್ಮ ಉತ್ತರ
>
> ನಿಮ್ಮ ಕೆಲಸದ ಸಮಯ ಬೆಳಿಗ್ಗೆ 8:30ಕ್ಕೆ ಆರಂಭವಾಗುತ್ತದೆ. 2026ರ ಫೆಬ್ರವರಿಯಲ್ಲಿ ನೀವು ಕೆಳಗಿನ ದಿನಗಳಂದು ಅನುಮತಿ ಇಲ್ಲದೆ ತಡವಾಗಿ ಹಾಜರಾಗಿದ್ದೀರಿ:
>
> 03, ಮಂಗಳವಾರ: 8:52 (22 ನಿಮಿಷ)
> 09, ಸೋಮವಾರ: 9:05 (35 ನಿಮಿಷ)
> 11, ಬುಧವಾರ: 8:47 (17 ನಿಮಿಷ)
> 16, ಸೋಮವಾರ: 9:14 (44 ನಿಮಿಷ)
> 23, ಸೋಮವಾರ: 8:58 (28 ನಿಮಿಷ)
> 26, ಗುರುವಾರ: 8:51 (21 ನಿಮಿಷ)
> ಒಟ್ಟು 167 ನಿಮಿಷ.
>
> 13-02-2026ರಂದು ನಿಮ್ಮ ಮೇಲ್ವಿಚಾರಕರು ಈ ಬಗ್ಗೆ ನಿಮ್ಮೊಂದಿಗೆ ಮಾತನಾಡಿದ್ದರು. ಸಮಯಕ್ಕೆ ಬರುವುದಾಗಿ ನೀವು ಹೇಳಿದ್ದಿರಿ. ನಂತರವೂ ಮೂರು ದಿನ ತಡವಾಗಿದೆ.
>
> ವಾರಾಂತ್ಯಕ್ಕೆ ಊರಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುವುದರಿಂದ ತಡವಾಗುತ್ತಿದೆ ಎಂದು ನಿಮ್ಮ ಉತ್ತರದಲ್ಲಿ ತಿಳಿಸಿದ್ದೀರಿ. ಅದನ್ನು ಪರಿಶೀಲಿಸಲಾಗಿದೆ. ಆರರಲ್ಲಿ ಮೂರು ದಿನ ಸೋಮವಾರವಲ್ಲ. ಸೋಮವಾರಗಳಂದೂ ಮುಂಚಿತವಾಗಿ ತಿಳಿಸಿಲ್ಲ. ಆದ್ದರಿಂದ ಈ ವಿವರಣೆಯನ್ನು ಪೂರ್ಣವಾಗಿ ಒಪ್ಪಲಾಗುತ್ತಿಲ್ಲ.
>
> ಇನ್ನು ಮುಂದೆ ನೀವು ಬೆಳಿಗ್ಗೆ 8:30ಕ್ಕೆ ನಿಮ್ಮ ಕೆಲಸದ ಜಾಗದಲ್ಲಿರಬೇಕು. ಅನಿವಾರ್ಯವಾಗಿ ತಡವಾಗುವುದಾದರೆ 8:00ರ ಒಳಗೆ ಮೇಲ್ವಿಚಾರಕರಿಗೆ ಕರೆ ಮಾಡಿ ತಿಳಿಸಬೇಕು. ಸೋಮವಾರಗಳಂದು ಎರಡನೇ ಶಿಫ್ಟ್ ಬೇಕಿದ್ದರೆ 09-03-2026ರ ಒಳಗೆ ಅರ್ಜಿ ಕೊಡಿ, ಪರಿಶೀಲಿಸಲಾಗುವುದು.
>
> ನಿಮ್ಮ ಹಾಜರಿಯನ್ನು 01-04-2026 ಮತ್ತು 30-04-2026ರಂದು ನಿಮ್ಮ ಸಮ್ಮುಖದಲ್ಲಿ ಪರಿಶೀಲಿಸಲಾಗುವುದು. ಸುಧಾರಣೆ ಕಾಣದಿದ್ದರೆ ಸ್ಥಾಯಿ ಆದೇಶಗಳ ಪ್ರಕಾರ ಶಿಸ್ತು ಕ್ರಮ ಆರಂಭಿಸಬಹುದು. 01-09-2026ರವರೆಗೆ ಇಂಥ ಪ್ರಸಂಗ ಮರುಕಳಿಸದಿದ್ದರೆ ಈ ಎಚ್ಚರಿಕೆಯನ್ನು ಮುಂದಿನ ಯಾವ ಕ್ರಮಕ್ಕೂ ಪರಿಗಣಿಸುವುದಿಲ್ಲ.
>
> (ಸಹಿ, ಹೆಸರು, ಹುದ್ದೆ)
>
> ಪತ್ರದ ಪ್ರತಿ ತಲುಪಿದೆ. ಈ ಸಹಿ ಪತ್ರ ತಲುಪಿದ್ದಕ್ಕೆ ಮಾತ್ರ, ಒಪ್ಪಿಗೆಗಲ್ಲ.
> (ನೌಕರರ ಸಹಿ, ದಿನಾಂಕ, ಸಮಯ)

ನಿಮಿಷಗಳನ್ನು 8:30ರಿಂದ ಎಣಿಸಲಾಗಿದೆ, ಗ್ರೇಸ್ ಮುಗಿಯುವ 8:40ರಿಂದ ಅಲ್ಲ. ಕೆಲಸದ ಸಮಯ ಬದಲಾಗಿಲ್ಲ, ಹತ್ತು ನಿಮಿಷದವರೆಗೆ ಕ್ರಮ ಇರುವುದಿಲ್ಲ ಅಷ್ಟೇ ಎಂಬುದು ಹೆಚ್ಚಿನ ಕಡೆ ಇರುವ ನಿಯಮ. ನಿಮ್ಮಲ್ಲಿ ಬೇರೆ ಇದ್ದರೆ ಎಣಿಕೆಯೂ ಬೇರೆಯಾಗಬೇಕು. ಏನೇ ಇದ್ದರೂ 8:38ಕ್ಕೆ ಬಂದ ದಿನವನ್ನು ಪಟ್ಟಿಗೆ ಸೇರಿಸಬೇಡಿ.

ಎಚ್ಚರಿಕೆ ಪತ್ರಕ್ಕೂ ಕಾರಣ ಕೇಳುವ ಮೆಮೊಗೂ ಏನು ವ್ಯತ್ಯಾಸ? ಎರಡನ್ನೂ ಒಂದರಲ್ಲೇ ಕೊಡಬಹುದಾ?

ಮೆಮೊ ಪ್ರಶ್ನೆ, ಎಚ್ಚರಿಕೆ ತೀರ್ಮಾನ. ‘ನಿಮಗೆ ಎಚ್ಚರಿಕೆ ನೀಡಲಾಗಿದೆ, ಮೂರು ದಿನದೊಳಗೆ ಕಾರಣ ತಿಳಿಸಿ’ ಎಂದು ಒಂದೇ ಪತ್ರದಲ್ಲಿ ಬರೆದರೆ ಉತ್ತರ ಓದುವ ಮೊದಲೇ ತೀರ್ಮಾನ ಆಗಿದೆ ಎಂದು ನೀವೇ ಬರೆದುಕೊಟ್ಟಂತೆ. ಮೊದಲು ದಿನಾಂಕಗಳ ಪಟ್ಟಿಯೊಂದಿಗೆ ಮೆಮೊ ಕೊಟ್ಟು ಎರಡು ಮೂರು ದಿನ ಸಮಯ ಕೊಡಿ, ಉತ್ತರ ಓದಿ, ಆಮೇಲೆ ಎಚ್ಚರಿಕೆ ಕೊಡಿ. ಉದಾಹರಣೆಯ ನೌಕರ ಮರುದಿನವೇ ಉತ್ತರಿಸಿದ್ದರಿಂದ ಬೇಗ ಮುಗಿಯಿತು. ಹಲವು ಸಂಸ್ಥೆಗಳ ಸ್ಥಾಯಿ ಆದೇಶಗಳಲ್ಲಿ ಎಚ್ಚರಿಕೆಯೂ ಒಂದು ಶಿಕ್ಷೆ ಎಂದೇ ಪಟ್ಟಿಯಾಗಿರುತ್ತದೆ. ಅಂಥ ಕಡೆ ವಿವರಣೆ ಕೇಳದೆ ಕೊಟ್ಟ ಎಚ್ಚರಿಕೆ ನಿಲ್ಲುವುದು ಕಷ್ಟ. ಉತ್ತರ ಬಾರದಿದ್ದರೆ ‘ನಿಗದಿತ ಅವಧಿಯಲ್ಲಿ ಉತ್ತರ ಬಂದಿಲ್ಲ’ ಎಂದು ಬರೆದು ಮುಂದುವರಿಯಬಹುದು.

ಗಟ್ಟಿಯಾಗಿ ಬರೆಯಬೇಕು, ಆದರೆ ಮನಸ್ಸು ನೋಯಿಸಬಾರದು. ಭಾಷೆ ಹೇಗಿರಬೇಕು?

ಗಟ್ಟಿತನ ದಿನಾಂಕದಿಂದ ಬರುತ್ತದೆ, ಬಿರುಸು ಮಾತಿನಿಂದಲ್ಲ. ‘ನೀವು ಯಾವಾಗಲೂ ತಡ’ ಎಂದರೆ, ಹೊತ್ತಿಗೆ ಸರಿಯಾಗಿ ಬಂದ ದಿನಗಳನ್ನು ತೋರಿಸಿ ಅವರು ನಿಮ್ಮ ಮಾತನ್ನು ಸುಳ್ಳು ಮಾಡಬಲ್ಲರು. ‘ಫೆಬ್ರವರಿಯಲ್ಲಿ ಆರು ದಿನ’ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ‘ಬೇಜವಾಬ್ದಾರಿ’, ‘ಸೋಮಾರಿತನ’, ‘ಉದ್ಧಟತನ’ ಇಂಥವೆಲ್ಲ ಸ್ವಭಾವದ ಬಗ್ಗೆ ನಿಮ್ಮ ಅಭಿಪ್ರಾಯ, ಅವಕ್ಕೆ ಸಾಕ್ಷಿ ಕೊಡಲಾಗದು. ಪತ್ರದಲ್ಲಿ ಅವು ಬೇಡ. ‘ಇನ್ನೊಮ್ಮೆ ತಡವಾದರೆ ಕೆಲಸದಿಂದ ತೆಗೆಯಲಾಗುವುದು’ ಎಂದೂ ಬರೆಯಬೇಡಿ. ವಿಚಾರಣೆ ಇಲ್ಲದೆ ಶಿಕ್ಷೆ ನಿರ್ಧರಿಸಿಬಿಟ್ಟಿದ್ದೀರಿ ಎಂಬ ಅರ್ಥ ಅದಕ್ಕೆ ಬರುತ್ತದೆ.

ಬಹುವಚನದಲ್ಲೇ ಸಂಬೋಧಿಸಿ. ದಿನವೂ ಏಕವಚನದಲ್ಲಿ ಮಾತನಾಡಿಸುವ ಹುಡುಗನಾದರೂ ಪತ್ರದಲ್ಲಿ ‘ನೀವು’ ಎಂದೇ ಇರಲಿ. ಒಳ್ಳೆಯ ಕೆಲಸಗಾರರಾಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಬಹುದು, ನಿಜವಾಗಿದ್ದರೆ ಮಾತ್ರ.

ಪತ್ರ ಇಂಗ್ಲಿಷಿನಲ್ಲೇ ಇರಬೇಕಾ?

ಓದುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. 1946ರ ಕಾಯ್ದೆಯಲ್ಲೇ ಸ್ಥಾಯಿ ಆದೇಶಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಪ್ರಕಟಿಸಬೇಕೆಂದಿತ್ತು. ಪತ್ರಕ್ಕೂ ಅದೇ ನ್ಯಾಯ. ಕನ್ನಡ ಓದಬಲ್ಲವರಿಗೆ ಕನ್ನಡದಲ್ಲಿ ಕೊಡಿ. ಒಡಿಶಾ, ಬಿಹಾರದಿಂದ ಬಂದವರಿಗೆ ಅವರು ಓದಬಲ್ಲ ಭಾಷೆಯಲ್ಲಿ ಕೊಡಿ, ಇಲ್ಲವೇ ಒಬ್ಬರ ಎದುರಿಗೆ ಓದಿ ಹೇಳಿಸಿ, ‘ಓದಿ ವಿವರಿಸಲಾಗಿದೆ’ ಎಂದು ಬರೆದು ಓದಿದವರ ಸಹಿ ಹಾಕಿಸಿ.

## ಪತ್ರ ಕೊಡುವಾಗ ಮತ್ತು ಕೊಟ್ಟ ಮೇಲೆ

ಸಹಿ ಹಾಕುವುದಿಲ್ಲ ಎನ್ನುತ್ತಾರೆ. ಏನು ಮಾಡೋದು?

ಬಲವಂತ ಬೇಡ, ವಾದವೂ ಬೇಡ. ಸಹಿ ಪತ್ರ ತಲುಪಿದ್ದಕ್ಕೆ ಮಾತ್ರ ಎಂದು ಒಮ್ಮೆ ತಿಳಿಸಿ, ‘ಒಪ್ಪಿಗೆ ಇಲ್ಲ’ ಎಂದು ಬರೆದೇ ಸಹಿ ಹಾಕಬಹುದು ಎನ್ನಿ. ಇದನ್ನು ಕೇಳಿದ ಮೇಲೆ ಅನೇಕರು ಹಾಕುತ್ತಾರೆ. ಆದರೂ ಬೇಡವೆಂದರೆ ಕಚೇರಿ ಪ್ರತಿಯ ಮೇಲೆ ‘ಇಂಥ ದಿನ, ಇಷ್ಟು ಹೊತ್ತಿಗೆ ಕೊಟ್ಟಾಗ ಪಡೆಯಲು ನಿರಾಕರಿಸಿದರು’ ಎಂದು ಬರೆದು ಆಗ ಅಲ್ಲಿದ್ದ ಇಬ್ಬರ ಸಹಿ ತೆಗೆದುಕೊಳ್ಳಿ. ಅಲ್ಲಿಲ್ಲದವರಿಂದ ಸಂಜೆ ಸಹಿ ಹಾಕಿಸಬೇಡಿ, ಪಾಟೀಸವಾಲಿನಲ್ಲಿ ಅದು ಹೊರಬರುತ್ತದೆ. ಅದೇ ದಿನ ಪತ್ರವನ್ನು ದಾಖಲೆಯಲ್ಲಿರುವ ಮನೆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ತಲುಪಿದ ವಿವರದ ಮುದ್ರಿತ ಪ್ರತಿಯನ್ನು ಕಡತದಲ್ಲಿಡಿ. ವಾಟ್ಸಾಪಿನಲ್ಲೂ ಕಳಿಸಬಹುದು, ಆದರೆ ಅವರ ವೈಯಕ್ತಿಕ ಸಂಖ್ಯೆಗೆ ಮಾತ್ರ. ವಿಭಾಗದ ಗುಂಪಿಗೆ ಹಾಕುವುದು ಅವಮಾನ, ಅದರಿಂದ ಪತ್ರದ ಉದ್ದೇಶವೇ ಕೆಡುತ್ತದೆ.

ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕತ್ತರಿಸುತ್ತೇವೆ. ಇದು ಸರಿಯಾ?

ಎಲ್ಲ ಕಡೆ ರೂಢಿಯಲ್ಲಿದೆ, ಆದರೆ ವೇತನ ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ಕೆಲಸಕ್ಕೆ ಗೈರಾದ ಹೊತ್ತಿಗೆ ತಕ್ಕಷ್ಟೇ ಕಡಿತ ಮಾಡಬೇಕೆಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಉಳಿದಿದೆ.

ಲೆಕ್ಕ ಮಾಡಿ ನೋಡಿ. ತಿಂಗಳಿಗೆ ₹20,800 ಸಂಬಳ, 26 ದಿನ, ದಿನಕ್ಕೆ 8 ಗಂಟೆ ಎಂದರೆ ದಿನಕ್ಕೆ ₹800, ಗಂಟೆಗೆ ₹100. ಆರು ದಿನದ 167 ನಿಮಿಷಕ್ಕೆ ಸುಮಾರು ₹278 ಆಗುತ್ತದೆ. ‘ಮೂರಕ್ಕೆ ಅರ್ಧ ದಿನ’ ಲೆಕ್ಕದಲ್ಲಿ ಒಂದು ಪೂರ್ತಿ ದಿನ, ಅಂದರೆ ₹800 ಹೋಗುತ್ತದೆ. ನಡುವಿನ ₹522 ಮಾಡಿದ ಕೆಲಸದ ಸಂಬಳ. ಅದನ್ನು ದಂಡ ಎಂದು ಹಿಡಿಯಲು ಹೋದರೆ ದಂಡಕ್ಕೆ ಬೇರೆಯೇ ನಿಯಮಗಳಿವೆ: ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಅನುಮೋದನೆ ಬೇಕು, ವಿವರಣೆಗೆ ಅವಕಾಶ ಕೊಡಬೇಕು, ಮೊತ್ತ ಆ ವೇತನ ಅವಧಿಯ ವೇತನದ ಶೇ. 3ನ್ನು ಮೀರಬಾರದು.

ಸಂಬಳದ ಲೆಕ್ಕವನ್ನೂ ಎಚ್ಚರಿಕೆಯನ್ನೂ ಬೇರೆ ಬೇರೆಯಾಗಿಡಿ. ಮಾಡದ ಕೆಲಸಕ್ಕೆ ಸಂಬಳವಿಲ್ಲ ಎಂಬುದು ಲೆಕ್ಕದ ವಿಷಯ, ಅದಕ್ಕೆ ಎಚ್ಚರಿಕೆ ಪತ್ರದಲ್ಲಿ ಜಾಗ ಬೇಕಿಲ್ಲ.

ಪರಿಶೀಲನೆಯ ದಿನ ಏನು ಮಾಡಬೇಕು?

ಹಾಜರಿ ಪಟ್ಟಿಯನ್ನು ಮುದ್ರಿಸಿ ಅವರ ಮುಂದಿಟ್ಟು ನೋಡಿ, ಫಲಿತಾಂಶವನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸುಧಾರಿಸಿದ್ದರೆ ಅದನ್ನೂ ಬರೆಯಬೇಕು. ಪರಿಶೀಲನೆ ಎಂದು ಪತ್ರದಲ್ಲಿ ಬರೆದು ಆ ದಿನ ಮರೆತುಬಿಡುವುದು ಬಹಳ ಸಾಮಾನ್ಯ. ಹಾಗಾದರೆ, ತಡವಾಗುವುದು ಸಂಸ್ಥೆಗೂ ಅಂಥ ದೊಡ್ಡ ವಿಷಯವಾಗಿರಲಿಲ್ಲ ಎಂದು ಎದುರಿನವರು ವಾದಿಸಬಹುದು.

## ಮುಂದಿನ ಹಂತ

ಎಚ್ಚರಿಕೆ ಕೊಟ್ಟ ಮೇಲೂ ತಡ. ಹಳೆಯ ಆರು ದಿನ ಸೇರಿಸಿ ಆರೋಪಪಟ್ಟಿ ಕೊಡಬಹುದಾ?

ಆ ಆರು ದಿನಗಳಿಗೆ ಎಚ್ಚರಿಕೆ ಕೊಟ್ಟು ಮುಗಿಸಿದ್ದೀರಿ. ಅದೇ ದಿನಗಳನ್ನು ಮತ್ತೆ ಆರೋಪ ಮಾಡಿದರೆ ಒಂದೇ ತಪ್ಪಿಗೆ ಎರಡು ಶಿಕ್ಷೆಯಾಗುತ್ತದೆ. ಆರೋಪ ಹೊಸ ದಿನಗಳ ಮೇಲಿರಬೇಕು: ಮಾರ್ಚ್ 2ರ ನಂತರದವು, ದಿನಾಂಕ ಮತ್ತು ನಿಮಿಷದೊಂದಿಗೆ. ಹಳೆಯ ಎಚ್ಚರಿಕೆಯನ್ನು ಶಿಕ್ಷೆ ಎಷ್ಟಿರಬೇಕು ಎಂದು ತೂಗುವಾಗ ಹಿಂದಿನ ದಾಖಲೆಯಾಗಿ ನೋಡಬಹುದು.

ಹಾಗೆ ನೋಡುವುದಾದರೆ ಅದನ್ನು ನೌಕರರಿಗೆ ಮೊದಲೇ ತಿಳಿಸಬೇಕು. ಈ ಮಾತಿಗೆ ಆಧಾರ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣ. ಮೈಸೂರು ರಾಜ್ಯ ವಿರುದ್ಧ ಕೆ. ಮಂಚೇಗೌಡ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್, ಹಿಂದಿನ ಶಿಕ್ಷೆ ಅಥವಾ ಕೆಟ್ಟ ದಾಖಲೆಯ ಆಧಾರದ ಮೇಲೆ ಶಿಕ್ಷೆ ಕೊಡುವ ಉದ್ದೇಶವಿದ್ದರೆ ಅದನ್ನು ನೋಟಿಸಿನಲ್ಲಿ ತಿಳಿಸಿ ಉತ್ತರಿಸಲು ಅವಕಾಶ ಕೊಡಬೇಕು ಎಂದಿತು. ಅದು ಸರ್ಕಾರಿ ನೌಕರರ ಪ್ರಕರಣ. ಆದರೆ ಅದರ ಹಿಂದಿರುವ ಸಹಜ ನ್ಯಾಯದ ತತ್ವವನ್ನು ಖಾಸಗಿ ಸಂಸ್ಥೆಗಳೂ ಪಾಲಿಸುವುದು ಸುರಕ್ಷಿತ. ಆರೋಪಪಟ್ಟಿಯ ಕೊನೆಯಲ್ಲಿ ‘02-03-2026ರ ಎಚ್ಚರಿಕೆಯನ್ನು ನಿಮ್ಮ ಹಿಂದಿನ ದಾಖಲೆಯಾಗಿ ಪರಿಗಣಿಸಲಾಗುವುದು’ ಎಂದು ಬರೆದರೆ ಸಾಕು.

ಮೂರು ಎಚ್ಚರಿಕೆ ಆದರೆ ಕೆಲಸದಿಂದ ತೆಗೆಯಬಹುದು ಅಂತಾರಲ್ಲ?

ಅಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಎಚ್ಚರಿಕೆಗಳು ಎಷ್ಟೇ ಇದ್ದರೂ ವಿಚಾರಣೆಯ ಜಾಗವನ್ನು ಅವು ತುಂಬಲಾರವು. ಅಂಗಡಿ, ಕಚೇರಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಪ್ರಕರಣದ ಪ್ರಕಾರ, ಆರು ತಿಂಗಳು ಸೇವೆ ಸಲ್ಲಿಸಿದವರನ್ನು ತೆಗೆಯಲು ಸಮಂಜಸ ಕಾರಣವೂ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳವೂ ಬೇಕು. ನೋಟಿಸ್ ಬೇಡವೆಂದಾಗುವುದು ವಿಚಾರಣೆಯಲ್ಲಿ ದಾಖಲಾದ ತೃಪ್ತಿಕರ ಸಾಕ್ಷ್ಯದಿಂದ ದುರ್ನಡತೆ ಸಾಬೀತಾದಾಗ ಮಾತ್ರ.

ಕಾರ್ಖಾನೆಯಾದರೆ ನಿಮ್ಮ ಸ್ಥಾಯಿ ಆದೇಶದಲ್ಲಿರುವ ಕ್ರಮವನ್ನು ಹಿಡಿಯಬೇಕು: ಆರೋಪಪಟ್ಟಿ, ಉತ್ತರ, ವಿಚಾರಣೆ, ವರದಿಯ ಪ್ರತಿ, ನಂತರ ಶಿಕ್ಷೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸ್ಥಾಯಿ ಆದೇಶ ಕಡ್ಡಾಯವಾಗುವುದು 300 ಕಾರ್ಮಿಕರಿರುವ ಕಡೆ. ಅದಕ್ಕಿಂತ ಚಿಕ್ಕ ಘಟಕದವರು ‘ನಮಗೆ ನಿಯಮವೇ ಇಲ್ಲ’ ಎಂದುಕೊಳ್ಳಬಾರದು. ವಿಚಾರಣೆ ಇಲ್ಲದೆ ತೆಗೆದರೆ ಪ್ರಕರಣ ಕಾರ್ಮಿಕ ಅಧಿಕಾರಿಯ ಮುಂದೆ ಹೋಗುವುದು ಚಿಕ್ಕ ಘಟಕಕ್ಕೂ ತಪ್ಪಿದ್ದಲ್ಲ. ಇನ್ನೊಂದು ಮಾತು: ತಡವಾಗಿ ಬಂದದ್ದಕ್ಕೆ ಕೆಲಸವನ್ನೇ ಕಿತ್ತುಕೊಳ್ಳುವುದು ಅತಿಯಾಯಿತು ಎಂದು ನ್ಯಾಯಾಲಯಕ್ಕೆ ಅನಿಸಬಹುದು. ಬಡ್ತಿ ಹಣ ತಡೆಯುವುದು, ಕೆಲವು ದಿನ ಅಮಾನತು, ಇಂಥ ನಡುವಿನ ಹಂತಗಳು ನಿಮ್ಮ ನಿಯಮದಲ್ಲಿದ್ದರೆ ಮೊದಲು ಅವನ್ನು ಯೋಚಿಸಿ.

ಉತ್ತರದಲ್ಲಿ ಕಾಯಿಲೆ ಅಂತ ಬರೆದಿದ್ದಾರೆ. ಈಗ ಎಚ್ಚರಿಕೆ ಕೊಡೋದಾ ಬೇಡವಾ?

ತಡೆದು ನೋಡಿ. ವೈದ್ಯರ ಚೀಟಿ ಕೇಳಿ, ಒಂದು ವಾರ ಸಮಯ ಕೊಡಿ. ಡಯಾಲಿಸಿಸ್, ಬೆಳಗಿನ ಹೊತ್ತು ಮಂಪರು ತರಿಸುವ ಮಾತ್ರೆ, ಗರ್ಭಿಣಿಯರ ಬೆಳಗಿನ ವಾಂತಿ, ಇವು ಶಿಸ್ತಿನ ವಿಷಯಗಳಲ್ಲ. ಸಮಯ ಹೊಂದಿಸಿಕೊಡುವ ವಿಷಯಗಳು. ಅಂಗವಿಕಲ ನೌಕರರಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ ಸಮಂಜಸ ಹೊಂದಾಣಿಕೆಯ ಮಾತನ್ನೂ ನೋಡಬೇಕು. ಬರುವ ಹೊತ್ತನ್ನು 9:15 ಎಂದು ಬರೆದುಕೊಟ್ಟು ಸಂಜೆ ಅಷ್ಟೇ ಹೊತ್ತು ಹೆಚ್ಚು ಕೆಲಸ ಮಾಡುವ ಏರ್ಪಾಡು ಅನೇಕ ಕಡೆ ಸಾಧ್ಯ. ಚೀಟಿ ಬಾರದೆ, ಕಾರಣವೂ ಪ್ರತಿ ಸಲ ಬದಲಾಗುತ್ತಿದ್ದರೆ, ಆ ಬದಲಾವಣೆಯನ್ನು ದಿನಾಂಕ ಸಹಿತ ಪತ್ರದಲ್ಲಿ ನಮೂದಿಸಿ ಎಚ್ಚರಿಕೆ ಕೊಡಬಹುದು.